ಗೋಬರ್ ಗ್ಯಾಸ್ ಅರ್ಧಕ್ಕಿಳಿದಾಗ: ಸಗಣಿ, ನೀರು ಮತ್ತು ದಿನಗಳ ಲೆಕ್ಕದಿಂದ ದೋಷ ಪತ್ತೆ

ಸಗಣಿಯಿಂದ ನಡೆಯುವ ಜೈವಿಕ ಅನಿಲ ಘಟಕದಲ್ಲಿ ಗ್ಯಾಸ್ ಕಡಿಮೆಯಾಯಿತು ಎಂದ ಕೂಡಲೇ ಹೆಚ್ಚಿನವರು ಗುಮ್ಮಟ ಬಿರುಕು ಬಿಟ್ಟಿರಬೇಕು, ಪೈಪು ಸೋರುತ್ತಿರಬೇಕು ಅಥವಾ ಚಳಿಗೆ ಹೀಗಾಗಿರಬೇಕು ಎಂದು ಊಹಿಸುತ್ತಾರೆ. ಈ ಮೂರೂ ನಿಜವಾಗಬಹುದು. ಆದರೆ ಪುಣೆಯ ಸುತ್ತಮುತ್ತ ಹೈನುಗಾರಿಕೆ ಮಾಡಿಕೊಂಡಿರುವ ನಮ್ಮ ಕನ್ನಡದ ಕುಟುಂಬಗಳ ಕೊಟ್ಟಿಗೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ದೋಷ ಬೇರೆಯದು. ತೊಟ್ಟಿಯನ್ನು ಕಟ್ಟುವಾಗ ಹಾಕಿದ್ದ ಲೆಕ್ಕಕ್ಕೂ ಈಗ ದಿನವೂ ತೊಟ್ಟಿಗೆ ಹೋಗುತ್ತಿರುವುದಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಹಾಗಾಗಿ ತೊಟ್ಟಿಯ ಗಾತ್ರ ನಿರ್ಧರಿಸುವ ಲೆಕ್ಕವನ್ನೇ ಹಿಂದುಮುಂದಾಗಿ ಮಾಡಿ ದೋಷ ಹುಡುಕುವ ಕ್ರಮವನ್ನು ಇಲ್ಲಿ ಒಂದು ಘಟಕದ ಉದಾಹರಣೆಯೊಂದಿಗೆ ವಿವರಿಸಿದ್ದೇನೆ.

ದೂರು ಬಂದ ಘಟಕ

ಮುಳಶಿ ತಾಲ್ಲೂಕಿನಲ್ಲಿ ವಿಜಯಪುರದ ಕಡೆಯ ಒಂದು ಕುಟುಂಬ ನಾಲ್ಕು ಎಮ್ಮೆ, ಎರಡು ಮಿಶ್ರತಳಿ ಹಸು ಇಟ್ಟುಕೊಂಡು ಹಾಲಿನ ವ್ಯಾಪಾರ ಮಾಡುತ್ತಿದೆ. ಅವರಲ್ಲಿರುವುದು ದೀನಬಂಧು ಮಾದರಿಯ, ನೆಲದೊಳಗೆ ಇಟ್ಟಿಗೆಯಿಂದ ಕಟ್ಟಿದ ಸ್ಥಿರ ಗುಮ್ಮಟದ 3 ಘನ ಮೀಟರ್ ಘಟಕ. ಮೊದಲ ವರ್ಷ ಒಂದು ದೊಡ್ಡ ಒಲೆ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಉರಿಯುತ್ತಿತ್ತು. ಜನವರಿಯಲ್ಲಿ ನನ್ನನ್ನು ಕರೆಸಿದಾಗ ಮೂರು ಗಂಟೆಗೇ ಜ್ವಾಲೆ ಸಣ್ಣಗಾಗುತ್ತಿತ್ತು. "ಥಂಡಿ ಬಿತ್ತಂದ್ರ ಗ್ಯಾಸ್ ಕಮ್ಮಿ ಆಗೂದ ಹೌದ್ರಿ, ಆದ್ರ ಇಷ್ಟ ಕಮ್ಮಿ ಹೋದ ವರ್ಷ ಆಗಿದ್ದಿಲ್ಲ" ಎಂದು ಮನೆಯ ಹಿರಿಯರು ಹೇಳಿದ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಹಿಂದಿನ ಚಳಿಗಾಲದಲ್ಲಿ ಇರದಿದ್ದ ಕೊರತೆ ಈ ಚಳಿಗಾಲದಲ್ಲಿ ಕಾಣಿಸಿಕೊಂಡಿದ್ದರೆ, ಚಳಿಯ ಜೊತೆಗೆ ಇನ್ನೇನೋ ಬದಲಾಗಿದೆ ಎಂದೇ ಅರ್ಥ.

ಗ್ಯಾಸ್ ಕಡಿಮೆಯಾಯಿತೆಂದು ಅವರು ಪಕ್ಕದ ಕೊಟ್ಟಿಗೆಯಿಂದಲೂ ಸಗಣಿ ತಂದು, ಅದಕ್ಕೆ ತಕ್ಕಷ್ಟು ನೀರು ಬೆರೆಸಿ, ಕೆಲವು ದಿನ ಹೆಚ್ಚಾಗಿ ಹಾಕಿ ನೋಡಿದ್ದರು. ಅದರಿಂದ ಗ್ಯಾಸ್ ಹೆಚ್ಚಿರಲಿಲ್ಲ. ಏಕೆ ಹೆಚ್ಚಲಿಲ್ಲ ಎಂಬುದು ಮುಂದೆ ಲೆಕ್ಕದಲ್ಲೇ ಕಾಣುತ್ತದೆ.

ಮೊದಲು ತಳ್ಳಿಹಾಕಬೇಕಾದವು

ಅಳತೆಗೆ ಇಳಿಯುವ ಮೊದಲು ಸೋರಿಕೆಯನ್ನು ನೋಡಿಬಿಡಬೇಕು. ಪೈಪಿನ ಪ್ರತಿ ಕೀಲಿಗೂ ವಾಲ್ವಿಗೂ ಸಾಬೂನಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಯಾವ ಕಾರಣಕ್ಕೂ ಕೂಡದು. ಸ್ಥಿರ ಗುಮ್ಮಟದ ಘಟಕದಲ್ಲಿ ಗ್ಯಾಸ್ ತುಂಬುತ್ತಾ ಹೋದಂತೆ ಅದು ಒಳಗಿನ ಸಗಣಿ ನೀರಿನ ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುವುದರಿಂದ, ರಾತ್ರಿ ವಾಲ್ವ್ ಮುಚ್ಚಿಟ್ಟು ಬೆಳಿಗ್ಗೆ ಹೊರತೊಟ್ಟಿಯ ಮಟ್ಟ ಏರಿದೆಯೇ ಎಂದು ನೋಡಿದರೆ ಗುಮ್ಮಟ ಗ್ಯಾಸ್ ಹಿಡಿಯುತ್ತಿದೆಯೋ ಇಲ್ಲವೋ ಎಂಬುದು ಸಾಕಷ್ಟು ತಿಳಿಯುತ್ತದೆ. ಈ ಘಟಕದಲ್ಲಿ ಮಟ್ಟ ಏರಿತ್ತು, ಕೀಲುಗಳೂ ಬಿಗಿಯಾಗಿದ್ದವು.

ಎರಡನೆಯದು ಜ್ವಾಲೆ. ತೊಟ್ಟಿ ಹುಳಿಯಾಗಿದ್ದರೆ ಗ್ಯಾಸಿನಲ್ಲಿ ಮೀಥೇನ್ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಒಲೆ ಸರಿಯಾಗಿ ಹತ್ತುವುದೇ ಇಲ್ಲ, ಹತ್ತಿದರೂ ಬೇಗ ಆರುತ್ತದೆ. ಹೊರತೊಟ್ಟಿಯ ಬಗ್ಗಡಕ್ಕೆ ಪಿಎಚ್ ಪಟ್ಟಿ ಅದ್ದಿದರೆ ಆರೋಗ್ಯವಂತ ತೊಟ್ಟಿಯಲ್ಲಿ 6.8ರಿಂದ 7.5ರ ನಡುವೆ ಇರುತ್ತದೆ. ಇಲ್ಲಿ ಪಟ್ಟಿ 7ರ ಹತ್ತಿರ ತೋರಿಸಿತು, ಜ್ವಾಲೆಯೂ ನೀಲಿಯಾಗಿಯೇ ಇತ್ತು. ಅಂದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಕೆಟ್ಟಿರಲಿಲ್ಲ, ಗ್ಯಾಸಿನ ಗುಣವೂ ಚೆನ್ನಾಗಿತ್ತು. ಕೊರತೆ ಇದ್ದದ್ದು ಪ್ರಮಾಣದಲ್ಲಿ ಮಾತ್ರ. ಹೀಗೆ ಗುಣ ಸರಿಯಿದ್ದು ಪ್ರಮಾಣ ಇಳಿದಿದ್ದರೆ ನೇರವಾಗಿ ಲೆಕ್ಕಕ್ಕೆ ಬರಬಹುದು.

ಗಾತ್ರದ ಲೆಕ್ಕ ಏನು ಹೇಳುತ್ತದೆ

ತೊಟ್ಟಿಯ ಗಾತ್ರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ದಿನಕ್ಕೆ ಸಿಗುವ ಸಗಣಿ, ಅದಕ್ಕೆ ಬೆರೆಸುವ ನೀರು, ಮತ್ತು ಆ ಮಿಶ್ರಣ ತೊಟ್ಟಿಯೊಳಗೆ ಎಷ್ಟು ದಿನ ಉಳಿಯಬೇಕು ಎಂಬುದು. ಹಸಿ ಸಗಣಿಯ ಒಂದು ಕಿಲೋ ಸುಮಾರು ಒಂದು ಲೀಟರ್ ಜಾಗ ಹಿಡಿಯುತ್ತದೆ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ.

```
ದಿನದ ಬಗ್ಗಡ (ಲೀ)   = ಸಗಣಿ (ಕಿಲೋ) + ನೀರು (ಲೀ)
ತೊಟ್ಟಿಯ ಗಾತ್ರ (ಲೀ)  = ದಿನದ ಬಗ್ಗಡ × ಉಳಿಯುವ ದಿನ
ಉಳಿಯುವ ದಿನ       = ತೊಟ್ಟಿಯ ಗಾತ್ರ ÷ ದಿನದ ಬಗ್ಗಡ
```

ಎರಡನೆಯ ಸಾಲು ತೊಟ್ಟಿ ಕಟ್ಟುವವರಿಗೆ ಬೇಕಾದದ್ದು. ಮೂರನೆಯ ಸಾಲು ದೋಷ ಹುಡುಕುವವರಿಗೆ ಬೇಕಾದದ್ದು. 40 ದಿನದ ತೊಟ್ಟಿ ಎಂದು ಜನ ಮಾತಿನಲ್ಲಿ ಹೇಳುತ್ತಾರಾದರೂ ದಿನಗಳ ಸಂಖ್ಯೆ ಇಟ್ಟಿಗೆ ಸಿಮೆಂಟಿನಲ್ಲಿ ಇರುವುದಿಲ್ಲ. ದಿನವೂ ಒಳಗೆ ಎಷ್ಟು ಲೀಟರ್ ಹೋಗುತ್ತದೋ ಅಷ್ಟೇ ಹಳೆಯ ಬಗ್ಗಡ ಹೊರಗೆ ಬರುತ್ತದೆ, ಆದ್ದರಿಂದ ಸುರಿಯುವ ಪ್ರಮಾಣ ಇಮ್ಮಡಿಯಾದರೆ ದಿನಗಳು ಅರ್ಧಕ್ಕಿಳಿಯುತ್ತವೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 3 ಘನ ಮೀಟರ್ ಘಟಕ ಎಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂತೆ ಕಟ್ಟಿದ ಘಟಕವೇ ಹೊರತು 3 ಘನ ಮೀಟರ್ ಗಾತ್ರದ ತೊಟ್ಟಿಯಲ್ಲ. ಒಂದು ಕಿಲೋ ಹಸಿ ಸಗಣಿ ಸುಮಾರು 40 ಲೀಟರ್ ಗ್ಯಾಸ್ ಕೊಡುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಆ ಪ್ರಕಾರ 3 ಘನ ಮೀಟರ್, ಅಂದರೆ 3,000 ಲೀಟರ್ ಗ್ಯಾಸಿಗೆ 75 ಕಿಲೋ ಸಗಣಿ ಬೇಕು. ಸಮಪಾಲು ನೀರು ಸೇರಿದರೆ ದಿನಕ್ಕೆ 150 ಲೀಟರ್ ಬಗ್ಗಡ. 40 ದಿನಕ್ಕೆ ತೊಟ್ಟಿಯ ಗಾತ್ರ 6,000 ಲೀಟರ್. ಮುಳಶಿಯ ಘಟಕವನ್ನು ಕಟ್ಟಿದ್ದು ಇದೇ ಲೆಕ್ಕದಲ್ಲಿ. ಹೆಸರಿನಲ್ಲಿರುವ ಸಂಖ್ಯೆಯನ್ನೇ ತೊಟ್ಟಿಯ ಗಾತ್ರವೆಂದು ಹಿಡಿದು ಭಾಗಿಸಿದರೆ ದಿನಗಳು ಅರ್ಧದಷ್ಟೇ ಕಾಣಿಸಿ, ಇಲ್ಲದ ದೋಷವನ್ನು ಹುಡುಕುತ್ತಾ ಹೋಗಬೇಕಾಗುತ್ತದೆ. ತೇಲುವ ಡ್ರಮ್ಮಿನ ಘಟಕವಾದರೆ ಗುಂಡಿ ಉರುಳೆಯಾಕಾರದಲ್ಲಿರುವುದರಿಂದ ಗಾತ್ರವನ್ನು ನೇರವಾಗಿ ಅಳೆಯಬಹುದು: 2 ಮೀಟರ್ ಅಡ್ಡಳತೆಯ ಗುಂಡಿಯಲ್ಲಿ 2.5 ಮೀಟರ್ ಆಳದವರೆಗೆ ಬಗ್ಗಡವಿದ್ದರೆ ಅದು ಸುಮಾರು 7,850 ಲೀಟರ್ ಆಗುತ್ತದೆ.

ಅಳತೆ: ಸಗಣಿಗಿಂತ ನೀರಿನ ಕಡೆ ಹೆಚ್ಚು ಗಮನವಿರಲಿ

ಸಗಣಿಯ ಪ್ರಮಾಣವನ್ನು ದನಗಳ ತಲೆ ಎಣಿಸಿ ಹೇಳುವುದು ಹೊಸ ತೊಟ್ಟಿಯ ಅಂದಾಜಿಗೆ ಸರಿ, ದೋಷ ಹುಡುಕುವಾಗ ಸಾಲದು. ನಾಟಿ ಹಸುವಿಗೆ ದಿನಕ್ಕೆ 10 ಕಿಲೋ, ಎಮ್ಮೆಗೆ 15 ಕಿಲೋ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಕಟ್ಟಿ ಮೇಯಿಸುವ ದನವಾದರೆ ಅದೆಲ್ಲ ಕೊಟ್ಟಿಗೆಯಲ್ಲೇ ಬೀಳುತ್ತದೆ; ಹಗಲು ಹೊರಗೆ ಮೇಯುವ ದನವಾದರೆ ಅದರಲ್ಲಿ ದೊಡ್ಡ ಪಾಲು ಕೈಗೇ ಸಿಗುವುದಿಲ್ಲ. ಹಾಗಾಗಿ ಮೂರು ದಿನ ಸತತವಾಗಿ ತೂಗಬೇಕು. ಆ ಮನೆಯವರು ಸಗಣಿಯನ್ನು ಬಕೆಟ್ಟಿನಲ್ಲಿ ಹೊತ್ತು ಕಲಸುವ ತೊಟ್ಟಿಗೆ ಹಾಕುತ್ತಿದ್ದರು. ತುಂಬಿದ ಬಕೆಟ್ಟನ್ನು ತಕ್ಕಡಿಗೆ ನೇತುಹಾಕಿ, ಖಾಲಿ ಬಕೆಟ್ಟಿನ ತೂಕ ಕಳೆದರೆ 16 ಕಿಲೋ ಬಂತು. ದಿನಕ್ಕೆ ಐದು ಬಕೆಟ್ಟು, ಅಂದರೆ 80 ಕಿಲೋ. ಕಟ್ಟುವಾಗ ಹಿಡಿದಿದ್ದ 75 ಕಿಲೋಗೆ ಇದು ಹತ್ತಿರವೇ ಇತ್ತು. ಸಗಣಿ ಕಡಿಮೆಯೂ ಆಗಿರಲಿಲ್ಲ, ಅತಿಯೂ ಆಗಿರಲಿಲ್ಲ.

ನೀರನ್ನು ಕೇಳಿದಾಗ "ಐದು ಬಕೆಟ್ ಹೆಂಡಿಗೆ ಐದು ಬಕೆಟ್ ನೀರು" ಎಂಬ ಉತ್ತರ ತಡವಿಲ್ಲದೆ ಬಂತು, ಅದು ನಿಜವೂ ಆಗಿತ್ತು. ಆದರೆ ಕಲಸುವ ತೊಟ್ಟಿಯ ಗೋಡೆಯಲ್ಲಿ, ಕೊಟ್ಟಿಗೆಯ ಕಡೆಗೆ, ಕೈ ಹಿಡಿಯುವಷ್ಟು ಅಗಲದ ಒಂದು ತೂತಿತ್ತು. ಹಿಂದಿನ ಮಳೆಗಾಲ ಮುಗಿದ ಮೇಲೆ ಕೊಟ್ಟಿಗೆಯ ನೆಲಕ್ಕೆ ಸಿಮೆಂಟ್ ಹಾಕಿಸಿ, ನೆಲ ತೊಳೆದ ನೀರು ಅಂಗಳದಲ್ಲಿ ನಿಲ್ಲಬಾರದೆಂದು ಕಾಲುವೆ ಮಾಡಿ ಅದನ್ನು ಈ ತೂತಿಗೆ ಸೇರಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಆ ದಿನದಿಂದ ನೆಲ ತೊಳೆದ ನೀರೆಲ್ಲ, ಅದರ ಜೊತೆಗೆ ಗಂಜಲವೂ, ಗ್ಯಾಸಿನ ತೊಟ್ಟಿಗೆ ಹೋಗತೊಡಗಿತ್ತು.

ತೊಳೆಯುವ ನೀರನ್ನು ಅಳೆಯಲು ಮೀಟರ್ ಬೇಕಿಲ್ಲ. ತೊಳೆಯುವ ಪೈಪನ್ನೇ 15 ಲೀಟರ್ ಬಕೆಟ್ಟಿಗೆ ಹಿಡಿದಾಗ 45 ಸೆಕೆಂಡಿಗೆ ತುಂಬಿತು, ಅಂದರೆ ನಿಮಿಷಕ್ಕೆ 20 ಲೀಟರ್. ಬೆಳಿಗ್ಗೆ ಆರು ನಿಮಿಷ, ಸಂಜೆ ಐದು ನಿಮಿಷ ತೊಳೆಯುತ್ತಿದ್ದರು. ಒಟ್ಟು 220 ಲೀಟರ್. ಗಂಜಲವನ್ನು ಬಿಟ್ಟೇ ಲೆಕ್ಕ ಹಾಕಿದರೂ ದಿನದ ಬಗ್ಗಡ 80 ಕಿಲೋ ಸಗಣಿ, ಕಲಸುವ 80 ಲೀಟರ್ ನೀರು, ತೊಳೆದ 220 ಲೀಟರ್ ನೀರು ಸೇರಿ 380 ಲೀಟರ್ ಆಯಿತು.

6,000 ಲೀಟರನ್ನು 380ರಿಂದ ಭಾಗಿಸಿದರೆ ಸುಮಾರು 16 ದಿನ. 40 ದಿನಕ್ಕೆಂದು ಕಟ್ಟಿದ ತೊಟ್ಟಿಯಲ್ಲಿ ಸಗಣಿ 16 ದಿನ ಮಾತ್ರ ಉಳಿದು ಹೊರಗೆ ಹೋಗುತ್ತಿತ್ತು. ತೊಳೆದ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ ತೊಟ್ಟಿಗೆ ದಿನಕ್ಕೆ 160 ಲೀಟರ್ ಹೋಗಿ 37 ದಿನಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಪಕ್ಕದ ಕೊಟ್ಟಿಗೆಯಿಂದ ಸಗಣಿ ತಂದು ಹಾಕಿದಾಗ ಏನಾಯಿತು ಎಂಬುದೂ ಈಗ ತಿಳಿಯುತ್ತದೆ. 40 ಕಿಲೋ ಸಗಣಿಗೆ 40 ಲೀಟರ್ ನೀರು ಸೇರಿ ಒಟ್ಟು 460 ಲೀಟರ್ ಆದರೆ ಉಳಿಯುವ ದಿನ 13ಕ್ಕೆ ಇಳಿಯುತ್ತದೆ. ಹೊಸ ಸಗಣಿಯಿಂದ ಬರಬೇಕಾದ ಗ್ಯಾಸನ್ನು ದಿನಗಳ ಕೊರತೆ ತಿಂದುಹಾಕಿತ್ತು. ಇನ್ನೂ ಹೆಚ್ಚು ಹಾಕಿದ್ದರೆ ಅಪಾಯವೂ ಇತ್ತು: ಮೀಥೇನ್ ಮಾಡುವ ಜೀವಿಗಳು ಬಹಳ ನಿಧಾನವಾಗಿ ವೃದ್ಧಿಯಾಗುತ್ತವೆ, ಅವು ಬೆಳೆಯುವುದಕ್ಕಿಂತ ಬೇಗ ಬಗ್ಗಡದ ಜೊತೆಗೆ ಹೊರಗೆ ಕೊಚ್ಚಿಹೋದರೆ ತೊಟ್ಟಿ ಹುಳಿಯಾಗಿ ಗ್ಯಾಸ್ ಪೂರ್ತಿ ನಿಂತೇಹೋಗುತ್ತದೆ.

ತೆಳುವಾದ ಬಗ್ಗಡದ ಇನ್ನೊಂದು ಹಾನಿ

ನೀರು ಹೆಚ್ಚಾದಾಗ ದಿನಗಳು ಕಡಿಮೆಯಾಗುವುದಷ್ಟೇ ತೊಂದರೆಯಲ್ಲ. ಹಸಿ ಸಗಣಿಯಲ್ಲಿ ಒಣ ಅಂಶ ನೂರಕ್ಕೆ 18ರಿಂದ 20ರಷ್ಟಿರುತ್ತದೆ; ಸಮಪಾಲು ನೀರು ಬೆರೆತಾಗ ಅದು 9ರಿಂದ 10ಕ್ಕೆ ಬರುತ್ತದೆ. ಸಮಪಾಲು ಎಂಬ ರೂಢಿಯ ಹಿಂದಿರುವ ಕಾರಣ ಇದೇ. ಬಗ್ಗಡದಲ್ಲಿ ಒಣ ಅಂಶ 8ರಿಂದ 10ರ ನಡುವೆ ಇದ್ದರೆ ನಾರು ಮತ್ತು ಮಣ್ಣು ಬೇರೆಯಾಗದೆ ಒಟ್ಟಿಗೆ ತೇಲಿಕೊಂಡಿರುತ್ತವೆ. ಇದನ್ನು ಮನೆಯಲ್ಲೇ ನೋಡಬಹುದು: 100 ಗ್ರಾಂ ಹಸಿ ಸಗಣಿಯನ್ನು ತೆಳುವಾಗಿ ಹರಡಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಉಳಿದ ಗ್ರಾಮುಗಳೇ ಒಣ ಅಂಶ. ಅಲ್ಲಿ 18 ಗ್ರಾಂ ಉಳಿಯಿತು. ಆ ಲೆಕ್ಕದಲ್ಲಿ 80 ಕಿಲೋ ಸಗಣಿಯಲ್ಲಿ 14.4 ಕಿಲೋ ಒಣ ಅಂಶ. ಅದು 380 ಲೀಟರಿನಲ್ಲಿ ಹರಡಿದಾಗ ನೂರಕ್ಕೆ 4ಕ್ಕಿಂತಲೂ ಕಡಿಮೆ.

ಇಷ್ಟು ತೆಳುವಾದ ಬಗ್ಗಡ ಮಜ್ಜಿಗೆ ಒಡೆದಂತೆ ಬೇರೆಬೇರೆಯಾಗುತ್ತದೆ. ಮೇವಿನ ನಾರು ಮೇಲೆ ತೇಲಿ ಕೆನೆಗಟ್ಟುತ್ತದೆ, ಮಣ್ಣು ಮತ್ತು ಭಾರದ ಕಣಗಳು ತಳ ಸೇರುತ್ತವೆ, ನಡುವಿನ ತಿಳಿನೀರು ಮಾತ್ರ ಸುಲಭವಾಗಿ ಹೊರತೊಟ್ಟಿಗೆ ದಾಟುತ್ತದೆ. ಮೇಲಿನ ಕೆನೆ ಮತ್ತು ತಳದ ಮಣ್ಣು ಹಿಡಿದ ಜಾಗ ತೊಟ್ಟಿಯ ಗಾತ್ರದಲ್ಲಿ ಕಳೆದುಹೋದ ಜಾಗವೇ. ಆದ್ದರಿಂದ ಕಾಗದದ ಮೇಲಿನ 16 ದಿನವೂ ನಿಜದಲ್ಲಿ ಇನ್ನೂ ಕಡಿಮೆಯಿರಬಹುದು. ತಳದಲ್ಲಿ ಎಷ್ಟು ಸೇರಿದೆ ಎಂದು ತಿಳಿಯಲು ಹೊರತೊಟ್ಟಿಯ ಬಾಯಿಯಿಂದ ಉದ್ದನೆಯ ಬಿದಿರನ್ನು ಇಳಿಸಿ, ಗಟ್ಟಿ ಪದರ ತಗಲುವ ಆಳವನ್ನು ಗುರುತು ಮಾಡಿಕೊಂಡು, ಕಟ್ಟುವಾಗಿನ ಆಳದೊಂದಿಗೆ ಹೋಲಿಸಬೇಕು. ಇಲ್ಲಿ ಒಂದು ಗೇಣಿನಷ್ಟು ಮಣ್ಣಿತ್ತು. ದೀನಬಂಧುವಿನ ತಳ ನಡುವೆ ತಗ್ಗಾಗಿರುವುದರಿಂದ ಅಷ್ಟು ಮಣ್ಣು ಹಿಡಿಯುವ ಜಾಗ ಕಡಿಮೆ, ಅದಕ್ಕಾಗಿ ತೊಟ್ಟಿ ಖಾಲಿ ಮಾಡಿಸುವ ಅಗತ್ಯ ನನಗೆ ಕಾಣಲಿಲ್ಲ. ಮಣ್ಣು ತೆಗೆಯಲೆಂದು ಯಾರೂ ತೊಟ್ಟಿಯೊಳಗೆ ಇಳಿಯಬಾರದು. ಖಾಲಿಯಾಗಿದೆ ಎಂದು ಕಾಣುವ ತೊಟ್ಟಿಯೊಳಗಿನ ಗಾಳಿಯೂ ಪ್ರಾಣ ತೆಗೆಯುತ್ತದೆ.

ಬಲೂನಿನ ಪರೀಕ್ಷೆ

ಲೆಕ್ಕ ಒಂದು ಕಡೆ ಬೆರಳು ತೋರಿಸಿದ ಮೇಲೂ ಅದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸಗಣಿ ತೊಟ್ಟಿಯಲ್ಲಿ ಸಾಕಷ್ಟು ದಿನ ಉಳಿದಿದ್ದರೆ ಹೊರಗೆ ಬಂದ ಬಗ್ಗಡದಲ್ಲಿ ಗ್ಯಾಸಾಗುವ ಅಂಶ ಬಹಳ ಉಳಿದಿರುವುದಿಲ್ಲ. ಬೇಗ ಹೊರಬಿದ್ದಿದ್ದರೆ ಬಗ್ಗಡ ಹೊರಗೂ ಗ್ಯಾಸ್ ಬಿಡುತ್ತಲೇ ಇರುತ್ತದೆ. ಒಂದು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಹೊರತೊಟ್ಟಿಯ ಬಗ್ಗಡ ತುಂಬಿ, ಬಾಯಿಗೆ ಬಲೂನ್ ಹಾಕಿ ದಾರದಿಂದ ಬಿಗಿಯಾಗಿ ಕಟ್ಟಿ, ಬೆಚ್ಚಗಿರುವ ಕಡೆ ಒಂದು ವಾರ ಇಡಬೇಕು. ಮುಚ್ಚಳ ತಿರುಗಿಸಿ ಮುಚ್ಚಬಾರದು, ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿ ಬೇಡವೇ ಬೇಡ, ಒಲೆಯ ಹತ್ತಿರವೂ ಇಡಬಾರದು.

ಈ ಪರೀಕ್ಷೆ ಅಳತೆಗಿಂತ ಹೋಲಿಕೆಗೆ ಚೆನ್ನಾಗಿ ಒದಗುತ್ತದೆ. ಸರಿಯಾಗಿ ನಡೆಯುತ್ತಿರುವ ಇನ್ನೊಂದು ಘಟಕದ ಬಗ್ಗಡವನ್ನು ಇನ್ನೊಂದು ಬಾಟಲಿಯಲ್ಲಿ ಅಷ್ಟೇ ತುಂಬಿ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮುಳಶಿಯ ಬಾಟಲಿಯ ಬಲೂನ್ ಎದ್ದು ನಿಂತು ಉಬ್ಬಿತು. ಸರಿಯಾದ ಘಟಕದ್ದು ಜೋಲುಬಿದ್ದೇ ಇತ್ತು. ಮುಳಶಿಯ ಬಗ್ಗಡ ಕಾಣಲು ತೆಳುವಾಗಿದ್ದೂ ಹೀಗಾದದ್ದರಿಂದ ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಮೂಗೂ ಇದನ್ನೇ ಹೇಳುತ್ತದೆ: ಪೂರ್ತಿ ಕಳಿತ ಬಗ್ಗಡಕ್ಕೆ ಹಸಿ ಸಗಣಿಯ ವಾಸನೆ ಇರುವುದಿಲ್ಲ, ನೊಣ ಮುತ್ತುವುದಿಲ್ಲ. ಇಲ್ಲಿ ಎರಡೂ ಇದ್ದವು.

ಇದಕ್ಕೆ ವಿರುದ್ಧವಾದ ದೋಷವೂ ಇದೆ ಎಂಬುದನ್ನು ಮರೆಯಬಾರದು. ದನ ಮಾರಿದ ಮೇಲೆ ಅಥವಾ ದನ ಹೊರಗೆ ಮೇಯತೊಡಗಿದ ಮೇಲೆ ಸಗಣಿ ಕಡಿಮೆಯಾಗಿದ್ದರೂ ಗ್ಯಾಸ್ ಇಳಿಯುತ್ತದೆ. ಆಗ ಭಾಗಾಕಾರದಲ್ಲಿ ದಿನಗಳು 60, 70 ಎಂದು ಬರುತ್ತವೆ, ಬಲೂನ್ ಉಬ್ಬುವುದಿಲ್ಲ, ಬಗ್ಗಡಕ್ಕೆ ವಾಸನೆ ಇರುವುದಿಲ್ಲ. ಅಲ್ಲಿ ತೊಟ್ಟಿಯ ತಪ್ಪೇನೂ ಇಲ್ಲ, ಸಗಣಿಯೇ ಸಾಲದು.

ಪುಣೆಯ ಚಳಿ, ಗೋವಾದ ಸೆಕೆ

ನಮ್ಮ ದೇಶದಲ್ಲಿ ಸಗಣಿಯ ಘಟಕಗಳನ್ನು ಸಾಮಾನ್ಯವಾಗಿ 30, 40 ಅಥವಾ 55 ದಿನದ ಲೆಕ್ಕದಲ್ಲಿ ಕಟ್ಟುತ್ತಾರೆ. ಬೆಚ್ಚನೆಯ ಪ್ರದೇಶಕ್ಕೆ 30 ಸಾಕು, ಗುಡ್ಡಗಾಡಿನ ಚಳಿಗೆ 55 ಬೇಕು. ತೊಟ್ಟಿಯೊಳಗಿನ ಬಗ್ಗಡ ತಣ್ಣಗಾದಂತೆ ಜೀವಿಗಳ ಕೆಲಸ ನಿಧಾನವಾಗುತ್ತದೆ; 15 ಡಿಗ್ರಿಗಿಂತ ಕೆಳಗೆ ಗ್ಯಾಸ್ ಬಹಳವೇ ಇಳಿಯುತ್ತದೆ. ಮುಂಬಯಿ ಮತ್ತು ಗೋವಾದ ಕರಾವಳಿಯಲ್ಲಿ ವರ್ಷವಿಡೀ ಅಂಥ ಚಳಿ ಇರುವುದಿಲ್ಲವಾದ್ದರಿಂದ 30 ದಿನದ ತೊಟ್ಟಿ ಅಲ್ಲಿ ನಡೆಯುತ್ತದೆ. ಪುಣೆ ಘಟ್ಟದ ಮೇಲಿದೆ, ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10ರಿಂದ 12 ಡಿಗ್ರಿಗೆ ಇಳಿಯುವುದು ಸಾಮಾನ್ಯ. ನೆಲದೊಳಗಿನ ತೊಟ್ಟಿ ಗಾಳಿಯಷ್ಟು ತಣ್ಣಗಾಗುವುದಿಲ್ಲ ಎಂಬುದು ನಿಜ, ಆದರೆ ದಿನಕ್ಕೆ 300 ಲೀಟರ್ ತಣ್ಣೀರು ಒಳಗೆ ಸುರಿದರೆ ನೆಲದ ಬೆಚ್ಚಗಿನ ಆಸರೆಯೂ ಅಷ್ಟರಮಟ್ಟಿಗೆ ಕಳೆದುಹೋಗುತ್ತದೆ. ಪುಣೆಯ ಕಡೆ ಕಟ್ಟುವವರು 40 ದಿನವನ್ನೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾತ್ರವನ್ನು ನಿರ್ಧರಿಸಬೇಕಾದದ್ದು ಗ್ಯಾಸ್ ಚೆನ್ನಾಗಿ ಬರುವ ಏಪ್ರಿಲ್ ತಿಂಗಳಲ್ಲ, ಕಷ್ಟಕ್ಕೆ ಬೀಳುವ ಜನವರಿ.

ಇದೇ ಕಾರಣಕ್ಕೆ ಮುಳಶಿಯಲ್ಲಿ ದೋಷ ಮಳೆಗಾಲದ ನಂತರವೇ ಹುಟ್ಟಿದ್ದರೂ ಜನವರಿಯವರೆಗೆ ಎದ್ದು ಕಾಣಲಿಲ್ಲ. ಅಕ್ಟೋಬರಿನ ಬಿಸಿಲು ದಿನಗಳ ಕೊರತೆಯನ್ನು ಸ್ವಲ್ಪ ತುಂಬಿಕೊಟ್ಟಿತ್ತು.

ಮಾಡಿದ ದುರಸ್ತಿ

ಹೊಸ ತೊಟ್ಟಿ ಕಟ್ಟಿಸಬೇಕೇ ಎಂದು ಮನೆಯವರು ಕೇಳಿದರು. ತೊಳೆದ ನೀರನ್ನೂ ಒಳಗೆ ಬಿಟ್ಟುಕೊಂಡೇ 40 ದಿನ ಬೇಕೆಂದರೆ 380 ಲೀಟರಿಗೆ 15,200 ಲೀಟರ್ ತೊಟ್ಟಿ ಬೇಕಾಗುತ್ತದೆ. ಅಂದರೆ ಈಗಿನದರ ಎರಡೂವರೆ ಪಟ್ಟಿನ ತೊಟ್ಟಿಯನ್ನು ಅದೇ 80 ಕಿಲೋ ಸಗಣಿಗಾಗಿ, ಬರೀ ನೀರಿಗೆ ಜಾಗ ಮಾಡಿಕೊಡಲು ಕಟ್ಟಿಸಿದಂತಾಗುತ್ತದೆ. ಅದಕ್ಕಿಂತ ಕಾಲುವೆಯನ್ನು ತಿರುಗಿಸುವುದೇ ದಾರಿ.

ಗೋಡೆಯ ತೂತನ್ನು ಮುಚ್ಚಿಸಿ, ಕಾಲುವೆಯ ನೀರು ಮೊದಲು ಒಂದು ಸಣ್ಣ ಗುಂಡಿಗೆ ಬಂದು, ಅಲ್ಲಿಂದ ನೇಪಿಯರ್ ಹುಲ್ಲಿನ ತಾಕಿಗೆ ಹರಿಯುವಂತೆ ಪೈಪ್ ಹಾಕಲಾಯಿತು. ನೆಲ ತೊಳೆಯುವ ಮೊದಲು ಸಗಣಿಯನ್ನೆಲ್ಲ ಸಲಿಕೆಯಿಂದ ಬಳಿದು ತೆಗೆಯಬೇಕು, ಇಲ್ಲವಾದರೆ ಗ್ಯಾಸಾಗಬೇಕಾದ ಸಗಣಿಯೇ ಹುಲ್ಲಿಗೆ ಹರಿದುಹೋಗುತ್ತದೆ. ಕಲಸಲು ಬೇಕಾದ ಐದು ಬಕೆಟ್ ನೀರನ್ನು ಆ ಗುಂಡಿಯಿಂದಲೇ ತೆಗೆದುಕೊಳ್ಳಲು ಹೇಳಿದೆ. ಹಾಗೆ ಮಾಡಿದರೆ ಬೋರಿನ ನೀರು ಉಳಿಯುತ್ತದೆ, ಬಳಿಯುವಾಗ ತಪ್ಪಿಸಿಕೊಂಡ ಸಗಣಿಯಲ್ಲಿ ಸ್ವಲ್ಪ ತೊಟ್ಟಿಗೇ ಮರಳುತ್ತದೆ. ಇದಕ್ಕೆ ಒಂದು ಷರತ್ತಿದೆ: ಫಿನೈಲ್ ಹಾಕಿ ತೊಳೆದ ದಿನ ಆ ನೀರನ್ನು ಮುಟ್ಟಬಾರದು. ನೆಲದ ಕ್ರಿಮಿಗಳನ್ನು ಕೊಲ್ಲುವ ಫಿನೈಲ್ ತೊಟ್ಟಿಯೊಳಗಿನ ಜೀವಿಗಳನ್ನೂ ಕೊಲ್ಲುತ್ತದೆ.

ಕಲಸುವ ತೊಟ್ಟಿಯ ಒಳಗೋಡೆಗೆ ಎರಡು ಗೆರೆ ಹಾಕಿಸಿದೆವು. ಐದು ಬಕೆಟ್ ಸಗಣಿ ಹಾಕಿದಾಗ ಬರುವ ಮಟ್ಟಕ್ಕೆ ಒಂದು, ಅದರ ಮೇಲೆ ಐದು ಬಕೆಟ್ ನೀರು ಸುರಿದಾಗ ಬರುವ ಮಟ್ಟಕ್ಕೆ ಇನ್ನೊಂದು. ಯಾರು ಕಲಸಿದರೂ ಮೇಲಿನ ಗೆರೆ ದಾಟುವಂತಿಲ್ಲ. ಬೇಸಿಗೆಯಲ್ಲಿ ಸಗಣಿ ಬಿಸಿಲಿಗೆ ಅರೆಬರೆ ಒಣಗಿದ್ದರೆ ಮಾತ್ರ ಒಂದು ಬಕೆಟ್ ನೀರು ಹೆಚ್ಚು ಬೇಕಾಗಬಹುದು, ಗಂಟುಗಳು ಕೈಯಲ್ಲಿ ಒಡೆಯದಿರುವುದೇ ಅದರ ಗುರುತು.

ಫಲ ಮರುದಿನವೇ ಕಾಣುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ವಾರದೊಳಗೆ ಬೇಸತ್ತು ಮತ್ತೆ ಹೆಚ್ಚು ಸಗಣಿ ಸುರಿಯತೊಡಗುತ್ತಾರೆ. ತೊಟ್ಟಿಯೊಳಗೆ ಹಳೆಯ ತೆಳು ಬಗ್ಗಡವೇ ತುಂಬಿರುತ್ತದೆ. ಒಳಗೆ ಎಲ್ಲವೂ ಬೆರೆಯುತ್ತದೆ ಎಂದು ಹಿಡಿದರೆ, ಉಳಿಯುವ ದಿನಗಳಷ್ಟು ಕಾಲ ಕಳೆದಾಗಲೂ, ಅಂದರೆ ಇಲ್ಲಿ 37 ದಿನವಾದಾಗಲೂ, ನೂರಕ್ಕೆ 63ರಷ್ಟು ಮಾತ್ರ ಹೊಸದಾಗಿರುತ್ತದೆ. ಮುಳಶಿಯಲ್ಲಿ ಮೂರನೆಯ ವಾರದಿಂದ ಒಲೆ ಉರಿಯುವ ಹೊತ್ತು ಹೆಚ್ಚತೊಡಗಿತು, ಮಾರ್ಚ್ ಮೊದಲಿಗೆ ಆರು ಗಂಟೆಯ ಹತ್ತಿರ ಬಂತು. ಅಷ್ಟರಲ್ಲಿ ಬಿಸಿಲೂ ಏರಿತ್ತಾದ್ದರಿಂದ ಅದೆಲ್ಲ ಕಾಲುವೆ ತಿರುಗಿಸಿದ್ದರ ಫಲವೆಂದು ನಾನು ಹೇಳುವುದಿಲ್ಲ. ಆದರೆ ಮತ್ತೆ ಬಾಟಲಿಯಲ್ಲಿಟ್ಟ ಬಗ್ಗಡ ಈ ಬಾರಿ ಬಲೂನನ್ನು ಎತ್ತಲಿಲ್ಲ, ಬಗ್ಗಡದ ಹಸಿ ವಾಸನೆಯೂ ಹೋಗಿತ್ತು. ಸಗಣಿ ತೊಟ್ಟಿಯೊಳಗೇ ಕಳಿಯತೊಡಗಿದೆ ಎಂಬುದಕ್ಕೆ ಇದು ಸಾಕು.

ದನ ಹೆಚ್ಚಿಸುವ ಮೊದಲು

ಅದೇ ಮನೆಯವರು ಇನ್ನು ನಾಲ್ಕು ಎಮ್ಮೆ ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವು ಬಂದರೆ ಸಗಣಿ 140 ಕಿಲೋ, ಬಗ್ಗಡ 280 ಲೀಟರ್ ಆಗುತ್ತದೆ. 6,000 ಲೀಟರ್ ತೊಟ್ಟಿಯಲ್ಲಿ ಅದು ಉಳಿಯುವುದು 21 ದಿನ. ಗೋವಾದಲ್ಲಾದರೂ 30ಕ್ಕಿಂತ ಇದು ಕಡಿಮೆಯೇ, ಮುಳಶಿಯ ಚಳಿಗಂತೂ ಖಂಡಿತ ಸಾಲದು. ಪೂರ್ತಿ ಸಗಣಿಯಿಂದ ಗ್ಯಾಸ್ ಬೇಕೆಂದರೆ 40 ದಿನಕ್ಕೆ 11,200 ಲೀಟರ್ ಬೇಕು, ಅಂದರೆ ಈಗಿನ ತೊಟ್ಟಿಯ ಪಕ್ಕದಲ್ಲಿ 5,200 ಲೀಟರಿನ ಇನ್ನೊಂದು. ಅವರ ಅಡುಗೆಗೂ ಹಾಲಿನ ಪಾತ್ರೆ ತೊಳೆಯುವ ಬಿಸಿನೀರಿಗೂ ಈಗಿನ 3 ಘನ ಮೀಟರ್ ಗ್ಯಾಸೇ ಸಾಕಾಗುತ್ತಿರುವುದರಿಂದ ನಾನು ಕೊಟ್ಟ ಸಲಹೆ ಬೇರೆ: ತೊಟ್ಟಿಗೆ ದಿನಕ್ಕೆ ಐದು ಬಕೆಟ್ ಮಾತ್ರ ಹಾಕಿ, ಉಳಿದ 60 ಕಿಲೋ ಸಗಣಿಯನ್ನು ನೇರವಾಗಿ ಗೊಬ್ಬರದ ಗುಂಡಿಗೆ ಹಾಕುವುದು.